ವರ್ಷಕ್ಕೆ ಹದಿನೆಂಟು ತಿಂಗಳ ಪಿಂಚಣಿ

ನಿವೃತ್ತ ಶಿಕ್ಷಕಿಯೊಬ್ಬರ ಪಿಂಚಣಿ ತಿಂಗಳಿಗೆ 48,000 ರೂಪಾಯಿ ಎಂದಿಟ್ಟುಕೊಳ್ಳಿ. ಬೇರೆ ಆದಾಯವಿಲ್ಲ. ಮಗಳ ಊರಿಗೆ ಹೋಗಿ ನೆಲೆಸಿದ ಅವರು 2023ರ ಅಕ್ಟೋಬರ್‌ನಿಂದ ಪಿಂಚಣಿಯನ್ನು ಬೇರೆ ಬ್ಯಾಂಕಿಗೆ ವರ್ಗಾಯಿಸಿಕೊಂಡರು. ಹಳೆಯ ಬ್ಯಾಂಕ್ ತಾನು ಕೊಟ್ಟ ಆರು ತಿಂಗಳ 2,88,000 ರೂಪಾಯಿಯನ್ನು ತೆರಿಗೆ ಇಲಾಖೆಗೆ ವರದಿ ಮಾಡಿತು. ಹೊಸ ಬ್ಯಾಂಕ್ ತೆರಿಗೆ ಲೆಕ್ಕ ಹಾಕುವಾಗ ಹಿಂದಿನ ಆರು ತಿಂಗಳನ್ನೂ ಸೇರಿಸಿಕೊಳ್ಳಬೇಕು, ಅದು ಸರಿಯೇ. ಆದರೆ ಆ ಮೊತ್ತವನ್ನು ಹಿಂದಿನ ಪಾವತಿ ಎಂದು ಬೇರೆಯಾಗಿ ತೋರಿಸದೆ, ಇಡೀ ವರ್ಷದ 5,76,000 ರೂಪಾಯಿಯನ್ನು ತಾನೇ ಕೊಟ್ಟಂತೆ ವರದಿ ಮಾಡಿತು.

ರಿಟರ್ನ್ ತುಂಬುವ ಪುಟದಲ್ಲಿ ಎರಡೂ ಮೊತ್ತ ತಾವಾಗಿಯೇ ಬಂದು ಕುಳಿತವು. ತುಂಬಿಕೊಟ್ಟವರು ಹಾಗೆಯೇ ಸಲ್ಲಿಸಿದರು. ಪಿಂಚಣಿ 8,64,000 ಆಯಿತು. 50,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 8,14,000. ಆ ವರ್ಷದ ಹೊಸ ಪದ್ಧತಿಯಲ್ಲಿ ಸೆಸ್ ಸೇರಿ ತೆರಿಗೆ ಸುಮಾರು 37,860 ರೂಪಾಯಿ. ನಿಜವಾದ ತೆರಿಗೆಯ ಆದಾಯ 5,26,000 ಮಾತ್ರ. ಏಳು ಲಕ್ಷದವರೆಗೆ ರಿಯಾಯಿತಿ ಇದ್ದುದರಿಂದ ಅವರು ಒಂದು ಪೈಸೆಯನ್ನೂ ಕಟ್ಟಬೇಕಿರಲಿಲ್ಲ.

ಡಿಮ್ಯಾಂಡ್ ನೋಟಿಸ್ ಕಂಡಾಗ ಹಲವರು ವಯಸ್ಸು, ಕಾಯಿಲೆ, ಸೇವಾವಧಿ ಎಲ್ಲವನ್ನೂ ಪತ್ರದಲ್ಲಿ ಬರೆಯುತ್ತಾರೆ. ಅವರ ಸಂಕಟ ನಿಜವೇ, ಆದರೆ ಅಧಿಕಾರಿ ತಿದ್ದಬೇಕಾದದ್ದು ಒಂದು ಅಂಕಿಯನ್ನು. ಪತ್ರ ಆ ಅಂಕಿಯನ್ನೇ ಹಿಡಿಯಬೇಕು. ಪಾನ್ ಸಂಖ್ಯೆ, ನೋಟಿಸ್‌ನ ದಿನಾಂಕ ಮತ್ತು ಡಿಮ್ಯಾಂಡ್ ಸಂಖ್ಯೆ ಬರೆದ ಮೇಲೆ ಇಷ್ಟು ಸಾಕು: "2023ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ 2,88,000 ರೂಪಾಯಿ ಪಿಂಚಣಿ ಎರಡೂ ಬ್ಯಾಂಕುಗಳ ಫಾರ್ಮ್ 16ರಲ್ಲಿ ಸೇರಿದೆ. ನನಗೆ ಸಂದದ್ದು 12 ತಿಂಗಳ 5,76,000 ಮಾತ್ರ. ಹೆಚ್ಚುವರಿ ಮೊತ್ತವನ್ನು ಕೈಬಿಟ್ಟು ಡಿಮ್ಯಾಂಡ್ ರದ್ದುಪಡಿಸಬೇಕೆಂದು ಕೋರುತ್ತೇನೆ." ಜೊತೆಗೆ ಎರಡು ಫಾರ್ಮ್ 16, ಪಿಂಚಣಿ ಜಮೆಯಾದ ಸಾಲುಗಳಿಗೆ ಗುರುತು ಹಾಕಿದ ಪಾಸ್‌ಬುಕ್ ಪ್ರತಿಗಳು, ಪಿಂಚಣಿ ವರ್ಗಾವಣೆಯ ಪತ್ರ ಇರಲಿ. ತಿಂಗಳವಾರು ಜಮೆಯೇ ಇಲ್ಲಿ ಗಟ್ಟಿ ಸಾಕ್ಷಿ.

ಪತ್ರವೊಂದನ್ನೇ ಅಂಚೆಗೆ ಹಾಕಿ ಕುಳಿತರೆ ಡಿಮ್ಯಾಂಡ್ ಕಡತದಲ್ಲಿ ಹಾಗೆಯೇ ಉಳಿಯುತ್ತದೆ. ಪೋರ್ಟಲ್‌ನ `Response to Outstanding Demand` ಪುಟದಲ್ಲಿ ಒಪ್ಪಿಗೆಯಿಲ್ಲವೆಂದು ದಾಖಲಿಸಬೇಕು, ಇಲ್ಲದಿದ್ದರೆ ಮುಂದಿನ ವರ್ಷದ ರೀಫಂಡ್ ಇದಕ್ಕೇ ಜಮೆಯಾಗಬಹುದು. ಆ ವರ್ಷದ ರಿಟರ್ನನ್ನು ಪರಿಷ್ಕರಿಸಿ ಸಲ್ಲಿಸಲು 2025ರ ಜನವರಿ 15 ಕೊನೆಯ ದಿನವಾಗಿತ್ತು. ಅದು ದಾಟಿದವರಿಗೆ 1961ರ ಆದಾಯ ತೆರಿಗೆ ಕಾಯ್ದೆಯ 154ನೇ ಸೆಕ್ಷನ್‌ನಡಿ ತಿದ್ದುಪಡಿ ಅರ್ಜಿಯ ದಾರಿಯಿದೆ. ವರದಿಯನ್ನು ಸರಿಪಡಿಸುವಂತೆ ಹೊಸ ಬ್ಯಾಂಕಿಗೂ ಬರೆಯಬೇಕು. ಮೂಲದಲ್ಲಿರುವ ತಪ್ಪನ್ನು ಅದೇ ತಿದ್ದಬೇಕು.

ತಿದ್ದುಪಡಿಗೆ ಅವಧಿ ನಾಲ್ಕು ವರ್ಷ. ನೋಟಿಸ್ ಹೊರಟ ಹಣಕಾಸು ವರ್ಷ ಮುಗಿದ ದಿನದಿಂದ ಅದರ ಎಣಿಕೆ. 2025ರ ಜನವರಿಯಲ್ಲಿ ಬಂದ ನೋಟಿಸ್‌ಗೆ 2029ರ ಮಾರ್ಚ್ 31 ಕೊನೆಯ ದಿನ.