ಬೆಲ್ಟಿನ ಅಳತೆಯಲ್ಲಿ 2 ಸೆಂ.ಮೀ. ಎಲ್ಲಿಂದ ಬಂತು?

ಹಿಟ್ಟಿನ ಗಿರಣಿಯ ಮೋಟಾರಿಗೆ ಸಾಮಾನ್ಯವಾಗಿ ಚಿಕ್ಕ ಪುಲ್ಲಿ, ಕಲ್ಲು ತಿರುಗಿಸುವ ಶಾಫ್ಟಿಗೆ ದೊಡ್ಡ ಪುಲ್ಲಿ ಇರುತ್ತದೆ. ಮೋಟಾರು ನಿಮಿಷಕ್ಕೆ 1440 ಸುತ್ತು ತಿರುಗುತ್ತದೆ ಎನ್ನಿ. ದೊಡ್ಡ ಪುಲ್ಲಿ ಚಿಕ್ಕದರ ಮೂರರಷ್ಟಿದ್ದರೆ ಕಲ್ಲು 480 ಸುತ್ತು ಹಾಕುತ್ತದೆ. ಹಳೆಯ ಬೆಲ್ಟ್ ಹರಿದು, ಅದರ ಮೇಲಿನ ನಂಬರೂ ಅಳಿಸಿಹೋಗಿದ್ದರೆ ಹೊಸದನ್ನು ಯಾವ ಅಳತೆಯದು ಕೇಳಬೇಕು? ಪುಲ್ಲಿಗಳ ಅಳತೆ ಮತ್ತು ಅವುಗಳ ನಡುವಿನ ದೂರ ಗೊತ್ತಿದ್ದರೆ ಲೆಕ್ಕ ಹಾಕಿಯೇ ಹೇಳಬಹುದು.

ಚಿಕ್ಕ ಪುಲ್ಲಿಯ ತ್ರಿಜ್ಯ 5 ಸೆಂ.ಮೀ., ದೊಡ್ಡದರ ತ್ರಿಜ್ಯ 15 ಸೆಂ.ಮೀ., ಎರಡರ ಕೇಂದ್ರಗಳ ನಡುವಿನ ದೂರ 50 ಸೆಂ.ಮೀ. ಎಂದಿಟ್ಟುಕೊಳ್ಳೋಣ. ಮೊದಲು ತೋಚುವ ಲೆಕ್ಕ ಸರಳ: ಎರಡೂ ಪುಲ್ಲಿಗಳನ್ನು ಅರ್ಧರ್ಧ ಸುತ್ತು, ಜೊತೆಗೆ ಕೇಂದ್ರಗಳ ದೂರದ ಎರಡರಷ್ಟು. ಅರ್ಧಸುತ್ತುಗಳು 47.1 ಮತ್ತು 15.7, ಅವಕ್ಕೆ 100 ಸೇರಿಸಿದರೆ 162.8 ಸೆಂ.ಮೀ. ಪುಲ್ಲಿಗಳು ಸಮನಾಗಿದ್ದರೆ ಇದು ಸರಿ. ಇಲ್ಲಿ ಸಮನಿಲ್ಲದ ಕಾರಣ ಬೆಲ್ಟ್ ಓರೆಯಾಗಿ ಇಳಿಯುತ್ತದೆ, ಲೆಕ್ಕವೂ ಬದಲಾಗುತ್ತದೆ.

ಬೆಲ್ಟಿನ ನೇರ ಭಾಗ ಎರಡೂ ವೃತ್ತಗಳಿಗೆ ಸ್ಪರ್ಶಕ. ಹತ್ತನೇ ತರಗತಿಯಲ್ಲಿ ಕೈವಾರ ಹಿಡಿದು ಎಳೆದ ನೇರ ಸಾಮಾನ್ಯ ಸ್ಪರ್ಶಕವೇ ಇದು. ಸ್ಪರ್ಶಬಿಂದುವಿಗೆ ಎಳೆದ ತ್ರಿಜ್ಯ ಸ್ಪರ್ಶಕಕ್ಕೆ ಲಂಬವಾಗಿರುತ್ತದೆ. ಈಗ ಚಿಕ್ಕ ಪುಲ್ಲಿಯ ಕೇಂದ್ರದಿಂದ ಬೆಲ್ಟಿಗೆ ಸಮಾಂತರವಾಗಿ ಒಂದು ಗೆರೆ ಎಳೆದು, ದೊಡ್ಡ ಪುಲ್ಲಿಯ ತ್ರಿಜ್ಯಕ್ಕೆ ಮುಟ್ಟಿಸಿ. ಒಂದು ಲಂಬಕೋನ ತ್ರಿಭುಜ ಸಿಗುತ್ತದೆ. ಅದರ ವಿಕರ್ಣ ಕೇಂದ್ರಗಳ ದೂರವಾದ 50. ಒಂದು ಬಾಹು ತ್ರಿಜ್ಯಗಳ ವ್ಯತ್ಯಾಸವಾದ 10. ಇನ್ನೊಂದು ಬಾಹು ನಮಗೆ ಬೇಕಾದ ಸ್ಪರ್ಶಕದ ಉದ್ದ. ಪೈಥಾಗೊರಸ್ ಪ್ರಮೇಯದಂತೆ 2500ರಲ್ಲಿ 100 ಕಳೆದು ವರ್ಗಮೂಲ ತೆಗೆದರೆ 48.99 ಸೆಂ.ಮೀ. ಮೇಲಿನದೂ ಕೆಳಗಿನದೂ ಸೇರಿ 97.98.

ಅದೇ ತ್ರಿಭುಜ ಓರೆಯ ಕೋನವನ್ನೂ ಕೊಡುತ್ತದೆ. 10ನ್ನು 50ರಿಂದ ಭಾಗಿಸಿದರೆ ಬರುವ 0.2 ಆ ಕೋನದ ಸೈನ್. ಕೋನ ಸುಮಾರು 11.54 ಡಿಗ್ರಿ. ಬೆಲ್ಟ್ ದೊಡ್ಡ ಪುಲ್ಲಿಯ ಅರ್ಧಸುತ್ತನ್ನು ದಾಟಿ ಮೇಲೊಮ್ಮೆ, ಕೆಳಗೊಮ್ಮೆ ಇಷ್ಟು ಹೆಚ್ಚು ಅಪ್ಪಿಕೊಳ್ಳುತ್ತದೆ. ಚಿಕ್ಕದನ್ನು ಅಷ್ಟೇ ಕಡಿಮೆ ಅಪ್ಪಿಕೊಳ್ಳುತ್ತದೆ. ಹೀಗಾಗಿ ದೊಡ್ಡದರ ಮೇಲೆ 203.07 ಡಿಗ್ರಿಯ ಕಂಸ, ಉದ್ದ 53.16 ಸೆಂ.ಮೀ. ಚಿಕ್ಕದರ ಮೇಲೆ 156.93 ಡಿಗ್ರಿ, ಉದ್ದ 13.7 ಸೆಂ.ಮೀ. ಎಲ್ಲ ಕೂಡಿದರೆ 164.84 ಸೆಂ.ಮೀ.

ಮೊದಲ ಲೆಕ್ಕಕ್ಕಿಂತ ಇದು 2 ಸೆಂ.ಮೀ. ಹೆಚ್ಚು. ನೇರ ಭಾಗಗಳು ಕೇಂದ್ರಗಳ ದೂರಕ್ಕಿಂತ ಗಿಡ್ಡವಾಗಿದ್ದರಿಂದ ಸುಮಾರು 2 ಸೆಂ.ಮೀ. ಉಳಿಯಿತು. ಆದರೆ ಕೋನದ ಹೆಚ್ಚಳ 15ರ ತ್ರಿಜ್ಯದ ಮೇಲೆ, ಕಡಿತ 5ರ ತ್ರಿಜ್ಯದ ಮೇಲೆ ಆದ್ದರಿಂದ ಕಂಸಗಳಲ್ಲಿ ಒಟ್ಟು 4 ಸೆಂ.ಮೀ. ಬೆಳೆಯಿತು. ಉಳಿದದ್ದು ಒಂದು ಪಾಲಾದರೆ ಬೆಳೆದದ್ದು ಎರಡು ಪಾಲು. ಇದರಿಂದಲೇ ಸೈನ್ ಇಲ್ಲದ ಸುಲಭ ಸೂತ್ರ ಹುಟ್ಟುತ್ತದೆ:

L = 2C + π(R + r) + (R − r)²/C

ಇಲ್ಲಿ C ಕೇಂದ್ರಗಳ ದೂರ, R ಮತ್ತು r ತ್ರಿಜ್ಯಗಳು. ನಮ್ಮ ಗಿರಣಿಗೆ ಕೊನೆಯ ಪದ 100ನ್ನು 50ರಿಂದ ಭಾಗಿಸಿ ಬರುವ 2, ಒಟ್ಟು 164.83. ಇದು ಅಂದಾಜಿನ ಸೂತ್ರವಾದರೂ, ಈ ಎರಡು ಪುಲ್ಲಿಗಳನ್ನು ಒಂದಕ್ಕೊಂದು ತಾಗುವಷ್ಟು ಹತ್ತಿರ ತಂದರೂ ತಪ್ಪುವುದು ಸುಮಾರು 1 ಮಿ.ಮೀ. ಮಾತ್ರ.

ಅಂಗಡಿಗೆ ಹೋಗುವ ಮುನ್ನ ಇನ್ನೊಂದು ಸಂಗತಿ ಗಮನಿಸಬೇಕು. ವಿ-ಬೆಲ್ಟ್ ಪುಲ್ಲಿಯ ಗಾಡಿಯೊಳಗೆ ಇಳಿದು ಕೂರುತ್ತದೆ. ಆದ್ದರಿಂದ ಲೆಕ್ಕದ ತ್ರಿಜ್ಯವನ್ನು ಪುಲ್ಲಿಯ ಹೊರಅಂಚಿಗಲ್ಲ, ಬೆಲ್ಟಿನೊಳಗಿನ ಎಳೆದಾರಗಳು ಹಾಯುವ ಮಟ್ಟಕ್ಕೆ ಹಿಡಿಯಬೇಕು. ‘ಎ’ ಬಗೆಯ ಬೆಲ್ಟಿನ ಮೇಲಿನ ನಂಬರು ಅದರ ಒಳಸುತ್ತನ್ನು ಇಂಚಿನಲ್ಲಿ ಹೇಳುತ್ತದೆ. ಎಳೆದಾರದ ಮಟ್ಟದ ಉದ್ದ ಅದಕ್ಕಿಂತ ಸುಮಾರು 36 ಮಿ.ಮೀ. ಹೆಚ್ಚು. 1648ರಲ್ಲಿ 36 ಕಳೆದರೆ 1612 ಮಿ.ಮೀ., ಅಂದರೆ 63.5 ಇಂಚು. 64ರ ಬೆಲ್ಟ್ ತಂದರೆ ಅದು 13 ಮಿ.ಮೀ.ನಷ್ಟು ಉದ್ದವಾಗುತ್ತದೆ. ಆದರೆ ಬೆಲ್ಟಿಗೆ ಎರಡು ನೇರ ಭಾಗಗಳಿರುವುದರಿಂದ ಮೋಟಾರನ್ನು ಅದರ ಅರ್ಧದಷ್ಟು, ಸುಮಾರು 7 ಮಿ.ಮೀ. ಹಿಂದೆ ಸರಿಸಿದರೆ ಸಾಕು. ಮೋಟಾರಿನ ಕಾಲಿಗೆ ಉದ್ದನೆಯ ಬೋಲ್ಟ್ ತೂತುಗಳಿರುವುದು ಇದಕ್ಕಾಗಿಯೇ.

ಜಾಗ ಉಳಿಸಲೆಂದು ಮೋಟಾರನ್ನು 25 ಸೆಂ.ಮೀ.ಗೆ ತಂದರೆ 117 ಸೆಂ.ಮೀ. ಉದ್ದ ಸಾಕಾಗುತ್ತದೆ. ಆದರೆ ಚಿಕ್ಕ ಪುಲ್ಲಿಯ ಮೇಲಿನ ಹಿಡಿತ 157 ಡಿಗ್ರಿಯಿಂದ 133ಕ್ಕೆ ಇಳಿಯುತ್ತದೆ. ಕಾಳು ಬಿದ್ದು ಹೊರೆ ಏರಿದಾಗ ಬೆಲ್ಟ್ ಕಿರುಗುಟ್ಟಿದರೆ, ಚಿಕ್ಕ ಪುಲ್ಲಿ ಬಿಸಿಯಾದರೆ, ಕೆಳಗೆ ಕಪ್ಪು ರಬ್ಬರ್ ಪುಡಿ ಉದುರಿದರೆ, ಅದು ಜಾರುತ್ತಿದೆ ಎಂದರ್ಥ. ಆಗ ಬೆಲ್ಟನ್ನು ಬಿಗಿ ಮಾಡಿ ನೋಡಿ. ಅದಕ್ಕೂ ಬಗ್ಗದಿದ್ದರೆ ಮೋಟಾರನ್ನು ದೂರ ಇಟ್ಟು, ಆ ದೂರಕ್ಕೆ ಹೊಸದಾಗಿ ಲೆಕ್ಕ ಹಾಕಿದ ಬೆಲ್ಟ್ ತರಬೇಕು.