ಖಾಲಿ ಮೆನು ಬೋರ್ಡ್‌ನಲ್ಲಿ ಕನ್ನಡಕ್ಕೆ ಜಾಗ ಎಷ್ಟು?

ಬೆಂಗಳೂರಿನಲ್ಲಿ ಹೊಸ ಕೆಫೆ ಶುರುವಾಗುವ ಮುಂಚೆ ಅದರ ಒಂದು ಚಿತ್ರ ತಯಾರಾಗಿರುತ್ತೆ. ಗಾರೆ ಮಾಡದ ಇಟ್ಟಿಗೆ ಗೋಡೆ, ನಡುವೆ ಎಲ್ಲರೂ ಒಟ್ಟಿಗೆ ಕೂರುವ ಉದ್ದನೆ ಮೇಜು, ಅಲ್ಲಲ್ಲಿ ಸೋಫಾ, ಎತ್ತರದ ಸ್ಟೂಲು, ಕಿಟಕಿ ಪಕ್ಕ ಒಬ್ಬರೇ ಕೂರುವ ಕುರ್ಚಿ. ಕೌಂಟರ್ ಮೇಲೆ ದೊಡ್ಡ ಕಪ್ಪು ಬೋರ್ಡ್. ಅದರಲ್ಲಿ ಮಾತ್ರ ಏನೂ ಬರೆದಿರಲ್ಲ. ಕಂಪ್ಯೂಟರ್‌ನಲ್ಲಿ ಮಾಡುವ ಈ ಚಿತ್ರವನ್ನು ರೆಂಡರ್ ಅಂತೀವಿ. ಇಂಥ ರೆಂಡರ್‌ಗಳನ್ನು ಮಾಡೋದು ನನ್ನ ಕೆಲಸ. ಬೋರ್ಡ್ ಖಾಲಿ ಬಿಡೋದಕ್ಕೆ ನಮ್ಮಲ್ಲಿ ಸರಿಯಾದ ಕಾರಣವೂ ಇದೆ. ಮೆನು ಇನ್ನೂ ಪಕ್ಕಾ ಆಗಿರಲ್ಲ, ಬೆಲೆ ಬರೆದರೆ ಮಾಲೀಕರು ಗೋಡೆ ಬಿಟ್ಟು ಬೆಲೆ ಬಗ್ಗೆಯೇ ಚರ್ಚೆಗೆ ಕೂರುತ್ತಾರೆ. ಹಾಗಾಗಿ 'ಅದನ್ನ ಆಮೇಲೆ ನೋಡೋಣ' ಅಂತ ಮುಂದೆ ಹೋಗ್ತೀವಿ.

ಸಮಸ್ಯೆ ಏನಂದ್ರೆ, ಬರಹ ಆಮೇಲೆ ಬರುತ್ತೆ, ಬೋರ್ಡ್‌ನ ಅಳತೆ ಈಗಲೇ ನಿಗದಿಯಾಗಿಬಿಡುತ್ತೆ. ಚಿತ್ರಕ್ಕೆ ಒಪ್ಪಿಗೆ ಸಿಕ್ಕ ಮೇಲೆ ಬಡಗಿ, ಎಲೆಕ್ಟ್ರಿಷಿಯನ್ ಎಲ್ಲರೂ ಅದೇ ಅಳತೆ ಹಿಡಿದು ಕೆಲಸ ಮಾಡ್ತಾರೆ. ಕಡೆಗೆ ಬರೆಯುವ ದಿನ ಬಂದಾಗ ಎರಡು ಭಾಷೆಗೆ ಜಾಗ ಇರಲ್ಲ. ಆಗ ಯಾವ ಭಾಷೆ ಹೊರಗೆ ಹೋಗುತ್ತೆ ಅಂತ ಬೇರೆ ಹೇಳಬೇಕಾಗಿಲ್ಲ.

ಇದನ್ನು ಲೆಕ್ಕ ಹಾಕಿಯೇ ನೋಡೋಣ. ಕೌಂಟರ್ ಹಿಂದಿನ ಗೋಡೆ 16 ಅಡಿ ಅಗಲ, ಸೀಲಿಂಗ್ 10 ಅಡಿ ಎತ್ತರ ಅಂದುಕೊಳ್ಳಿ. ಕಾಫಿ ಯಂತ್ರ, ಕಪ್ ಜೋಡಿಸುವ ಜಾಗ ಬಿಟ್ಟರೆ ಬೋರ್ಡ್ ಆರೂವರೆ ಅಡಿಯಿಂದ ಶುರುವಾಗಬೇಕು. ಮೇಲೆ ಲೈಟಿಗೆ ಅರ್ಧ ಅಡಿ ಬಿಟ್ಟರೆ ಬೋರ್ಡ್‌ನ ಎತ್ತರ 3 ಅಡಿ. ಅಗಲ 8 ಅಡಿ, ಮೂರು ಭಾಗ, ಒಟ್ಟು 30 ತಿಂಡಿ-ಪಾನೀಯ. ಅಂದರೆ ಒಂದು ಭಾಗಕ್ಕೆ 10 ಸಾಲು. ತಲೆಬರಹ, ಅಂಚು ಕಳೆದರೆ ಬರೆಯಲು ಸಿಗೋದು 30 ಇಂಚು ಎತ್ತರ.

ಬೋರ್ಡ್ ಬರೆಯುವವರ ಮಾಮೂಲಿ ಲೆಕ್ಕ, 10 ಅಡಿ ದೂರಕ್ಕೆ ಒಂದು ಇಂಚಿನ ಅಕ್ಷರ. ಇಂಗ್ಲಿಷಿನ ದೊಡ್ಡಕ್ಷರ ಒಂದು ಇಂಚಿದ್ದರೆ, ಸಾಲುಗಳ ನಡುವಿನ ಅಂತರವೂ ಸೇರಿ 2 ಇಂಚು ಸಾಕು. ಹತ್ತು ಸಾಲಿಗೆ 20 ಇಂಚು, ಆರಾಮಾಗಿ ಕೂರುತ್ತೆ. ಕನ್ನಡದಲ್ಲಿ ಅಕ್ಷರ ಒಂದು ಇಂಚಿದ್ದರೂ ಕೆಳಗೆ ಒತ್ತಕ್ಷರಕ್ಕೆ, ಮೇಲೆ ಗುಣಿತದ ಗುಡಿಸಿಗೆ ಜಾಗ ಬೇಕು. ಸುಮಾರು ಎರಡೂವರೆ ಇಂಚು ಕೊಡಬೇಕು. ಕಡಿಮೆ ಮಾಡಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತೆ. ಕೆಫೆ ಮೆನುವಿನಲ್ಲಿ ಇದು ಇನ್ನೂ ಜಾಸ್ತಿ. 'ಇಡ್ಲಿ ವಡೆ' ಬರೆಯೋಕೆ ಒಂದೇ ಒತ್ತು ಸಾಕು, 'ಎಸ್ಪ್ರೆಸ್ಸೊ' ಬರೆಯಲು ಎಷ್ಟು ಒತ್ತು ಬೇಕು ನೀವೇ ನೋಡಿ.

ಕನ್ನಡ ಒಂದೇ ಆದರೆ ಹತ್ತು ಸಾಲಿಗೆ 25 ಇಂಚು, ಅದೂ ಹಿಡಿಯುತ್ತೆ. ಎರಡೂ ಭಾಷೆ ಒಂದರ ಕೆಳಗೊಂದು ಬೇಕು ಅಂದಾಗ 45 ಇಂಚು ಆಗುತ್ತೆ. ಇರೋದು 30. ಕೊರತೆ ಬಿದ್ದ 15 ಇಂಚನ್ನು ಅಕ್ಷರ ಚಿಕ್ಕದು ಮಾಡಿ ತುಂಬಿಸಿದರೆ ಕ್ಯೂನಲ್ಲಿ ಹಿಂದೆ ನಿಂತವರಿಗೆ ಎರಡೂ ಭಾಷೆ ಕಾಣಲ್ಲ. 'ಕನ್ನಡ ಬೇಡ' ಅಂತ ಯಾರೂ ಬಾಯಿಬಿಟ್ಟು ಹೇಳದೇನೇ ಕನ್ನಡ ಹೋಗಿಬಿಡೋದು ಹೀಗೆ.

ಹೊರಗಿನ ನಾಮಫಲಕದಲ್ಲಿ 60% ಕನ್ನಡ ಇರಬೇಕು ಅನ್ನೋ 2024ರ ತಿದ್ದುಪಡಿ ಬಗ್ಗೆ ನಾವೆಲ್ಲ ಜೋರಾಗಿ ಮಾತಾಡಿದ್ವಿ. ಆದರೆ ಗ್ರಾಹಕರು ನಿಜವಾಗಿ ನಿಂತು ಓದೋದು ಒಳಗಿನ ದರಪಟ್ಟಿಯನ್ನು. ಏನು ಸಿಗುತ್ತೆ, ಎಷ್ಟು ದುಡ್ಡು ಅಂತ ಯಾರನ್ನೂ ಕೇಳದೆ ತಿಳಿದುಕೊಳ್ಳುವ ಜಾಗ ಅದು. ದರ್ಶಿನಿಯಲ್ಲಿ ಕನ್ನಡದ ದರಪಟ್ಟಿ ನೋಡಿ ಟೋಕನ್ ತಗೊಳ್ಳುವ ಅಜ್ಜಿ, ಇಂಗ್ಲಿಷ್ ಬೋರ್ಡ್ ಮುಂದೆ ಹುಡುಗನನ್ನು ಕೇಳಿ ಆರ್ಡರ್ ಮಾಡಬೇಕು. ಎಷ್ಟೋ ಜನ ಕೇಳೋದಿಲ್ಲ, ಒಳಗೇ ಬರೋದಿಲ್ಲ.

ಪರಿಹಾರ ಕಷ್ಟದ್ದೇನಲ್ಲ. ಎತ್ತರ ಹೆಚ್ಚಿಸಲು ಆಗಲ್ಲ, ಅಗಲ ಹೆಚ್ಚಿಸಬಹುದು. 30 ಪದಾರ್ಥಕ್ಕೆ ತಲಾ ನಾಲ್ಕೂವರೆ ಇಂಚಿನ ಲೆಕ್ಕದಲ್ಲಿ 8 ಅಡಿ ಬದಲು 12 ಅಡಿ ಅಗಲ ಬೇಕು. ಐದು ಭಾಗ ಮಾಡಿ, ಒಂದೊಂದರಲ್ಲಿ ಆರು ಪದಾರ್ಥ ಬರೆದರೆ 27 ಇಂಚಿನಲ್ಲಿ ಎರಡೂ ಭಾಷೆ ಮುಗಿಯುತ್ತೆ. ಗೋಡೆ 16 ಅಡಿ ಇದೆ. ಚಿತ್ರದಲ್ಲಿ ಗಿಡದ ಕುಂಡ ಇಡಲು ಬಿಟ್ಟ ಶೆಲ್ಫನ್ನು ಬೇರೆ ಗೋಡೆಗೆ ಕಳಿಸಿದರೆ ಆಯ್ತು. ಚಿತ್ರದ ಹಂತದಲ್ಲಿ ಇದು ಅರ್ಧ ಗಂಟೆ ಕೆಲಸ. ಬಡಗಿ ಕೆಲಸ ಮುಗಿಸಿದ ಮೇಲೆ ಒಡೆದು ಕಟ್ಟೋ ಕೆಲಸ.

ಉದ್ದನೆ ಮೇಜನ್ನೂ ಇದೇ ಲೆಕ್ಕದಲ್ಲಿ ನೋಡಬೇಕು. ಒಬ್ಬರಿಗೆ ಎರಡು ಅಡಿಯಂತೆ 8 ಅಡಿ ಮೇಜಿಗೆ ಎರಡೂ ಕಡೆ ಸೇರಿ ಎಂಟು ಜನ. ಅದನ್ನು ಕೌಂಟರಿನ ಎದುರಿಗೇ ಎಳೆದಿಟ್ಟರೆ ಚಿತ್ರ ತುಂಬಿದಂತೆ ಕಾಣುತ್ತೆ, ಆದರೆ ಕ್ಯೂ ಮೇಜಿನಾಚೆಗೆ ಹೋಗುತ್ತೆ. ಜನ 15 ಅಡಿ ದೂರದಿಂದ ಓದಬೇಕಾದರೆ ಅಕ್ಷರ ಒಂದೂವರೆ ಇಂಚು ಆಗಬೇಕು, ಆಗ 12 ಅಡಿ ಬೋರ್ಡೂ ಸಾಲಲ್ಲ. ಇನ್ನು, ಒಟ್ಟಿಗೆ ಕೂರುವ ಮೇಜುಗಳೆಲ್ಲ ಸ್ಟೂಲಿನ ಎತ್ತರಕ್ಕೇ, ಅಂದರೆ ಸುಮಾರು 42 ಇಂಚು ಇದ್ದರೆ ಗಾಲಿಕುರ್ಚಿಯಲ್ಲಿ ಬಂದವರಿಗೆ 'ಒಟ್ಟಿಗೆ' ಅನ್ನೋ ಮಾತು ಅನ್ವಯಿಸಲ್ಲ. ಒಂದಾದರೂ 30 ಇಂಚಿನದ್ದಿರಬೇಕು.

ಚಿತ್ರದಲ್ಲಿ ಬೋರ್ಡ್ ನಿಜಕ್ಕಿಂತ ದೊಡ್ಡದಾಗಿ ಕಾಣ್ತಿದೆಯಾ ಅಂತ ಹಿಡಿಯಲು ಒಂದು ಉಪಾಯ ಇದೆ. ಪಕ್ಕದ ಇಟ್ಟಿಗೆ ಸಾಲು ಎಣಿಸಿ. 7 ಸೆಂಟಿಮೀಟರ್ ಎತ್ತರದ ಮಾಮೂಲಿ ಇಟ್ಟಿಗೆಗೆ ಗಾರೆಯೂ ಸೇರಿ ಒಂದು ಸಾಲು ಸುಮಾರು 8 ಸೆಂಟಿಮೀಟರ್. 3 ಅಡಿ ಬೋರ್ಡ್ ಪಕ್ಕ ಹನ್ನೊಂದು ಸಾಲು ಚಿಲ್ಲರೆ ಇರಬೇಕು. ಹದಿನಾರು ಸಾಲು ಸಿಕ್ಕರೆ ಒಂದೋ ಬೋರ್ಡ್ ನಾಲ್ಕು ಅಡಿ ದಾಟಿದೆ, ಇಲ್ಲವೇ ಇಟ್ಟಿಗೆಯ ಚಿತ್ರವನ್ನು ಕುಗ್ಗಿಸಿ ಅಂಟಿಸಿದ್ದಾರೆ. ಇಟ್ಟಿಗೆ ಚಿಕ್ಕದಾದರೆ ಕೋಣೆ, ಬೋರ್ಡ್ ಎರಡೂ ದೊಡ್ಡದಾಗಿ ಕಾಣುತ್ತವೆ.

ಬೋರ್ಡ್ ಖಾಲಿ ಬಿಡೋದಕ್ಕೆ ಇನ್ನೊಂದು ಕಾರಣ, ಕನ್ನಡ ಟೈಪ್ ಮಾಡಿದರೆ ಒಡೆಯುತ್ತೆ ಅನ್ನೋದು. ಇದು ಸುಳ್ಳಲ್ಲ. ಎಷ್ಟೋ 3ಡಿ ತಂತ್ರಾಂಶಗಳು ಒತ್ತಕ್ಷರವನ್ನು ಕೆಳಗೆ ಜೋಡಿಸದೆ ಪಕ್ಕಪಕ್ಕ ಚೆಲ್ಲುತ್ತವೆ. ಹಾಗಾಗಿ ನಾನು ಇಂಕ್‌ಸ್ಕೇಪ್‌ನಲ್ಲಿ ಯೂನಿಕೋಡ್ ಕನ್ನಡ ಬರೆದು, ಅಕ್ಷರಗಳನ್ನು ಗೆರೆಗಳಾಗಿ ಬದಲಿಸಿ, ಆ ಚಿತ್ರವನ್ನು ಬೋರ್ಡ್ ಮೇಲೆ ಅಂಟಿಸ್ತೀನಿ. ಬೋರ್ಡ್ ಬೇರೆಯೇ ವಸ್ತುವಾಗಿದ್ದು ಅದಕ್ಕೊಂದು ಮಾಸ್ಕ್ ಇದ್ದರೆ, ಮೆನು ಬದಲಾದಾಗ ಪೂರ್ತಿ ರೆಂಡರ್ ಮತ್ತೆ ಮಾಡಬೇಕಿಲ್ಲ.

ಮೆನು ಪಕ್ಕಾ ಆಗಿಲ್ಲ ಅನ್ನೋ ಮಾಲೀಕರ ಹತ್ತಿರ ನಾನೀಗ ಕೇಳೋದು ಎರಡೇ ವಿಷಯ: ಪಟ್ಟಿಯಲ್ಲಿ ಅಂದಾಜು ಎಷ್ಟು ಪದಾರ್ಥ, ಅದರಲ್ಲಿ ಅತಿ ಉದ್ದದ ಹೆಸರು ಯಾವುದು. ಆ ಹೆಸರನ್ನೇ ಎರಡೂ ಭಾಷೆಯಲ್ಲಿ, ನಿಜವಾದ ಅಳತೆಯಲ್ಲಿ ಎಲ್ಲ ಸಾಲುಗಳಲ್ಲೂ ಬರೆದು ನೋಡ್ತೀನಿ. ಬೆಲೆಯ ಜಾಗದಲ್ಲಿ '000' ಹಾಕ್ತೀನಿ. ಒಪ್ಪಿಗೆಗೆ ಹೋಗುವ ಚಿತ್ರದಿಂದ ಆಮೇಲೆ ಬರಹ ಅಳಿಸಿದರೂ ಪರವಾಗಿಲ್ಲ, ಯಾಕಂದ್ರೆ ಬೋರ್ಡ್ ಆಗ 12 ಅಡಿಯದ್ದೇ ಆಗಿರುತ್ತೆ.