ಸ್ಕ್ರೀನ್‌ಶಾಟಿನಲ್ಲಿ ನಷ್ಟ, ಲೆಕ್ಕದಲ್ಲಿ ಲಾಭ

ದಾವಣಗೆರೆಯ ಒಬ್ಬ ಶಾಲಾ ಶಿಕ್ಷಕಿ 2025ರ ಏಪ್ರಿಲ್‌ನಿಂದ ತಿಂಗಳಿಗೆ ₹2,000ದ ಎಸ್‌ಐಪಿ ಕಟ್ಟುತ್ತಿದ್ದಾರೆ ಎಂದಿಟ್ಟುಕೊಳ್ಳೋಣ. ಡಿಸೆಂಬರ್ ಮೊದಲ ವಾರ ಅವರು ಸ್ಟೇಟ್‌ಮೆಂಟ್ ತೆರೆದು, ಮಗನಿಗೆ ತೋರಿಸಲೆಂದು ಎರಡು ಸ್ಕ್ರೀನ್‌ಶಾಟ್ ತೆಗೆದರು. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಏಳು ಕಂತು, ಅಂದರೆ ₹14,000. ಕೊನೆಯ ಸಾಲಿನಲ್ಲಿ `Closing Unit Balance` ಎದುರಿಗೆ 292.524 ಯುನಿಟ್. ಅಂದಿನ ಎನ್‌ಎವಿ, ಎಂದರೆ ಒಂದು ಯುನಿಟ್‌ನ ಬೆಲೆ, ₹44.50. ಗುಣಿಸಿದರೆ ₹13,017.32. ಹತ್ತಿರ ಹತ್ತಿರ ಸಾವಿರ ರೂಪಾಯಿ ನಷ್ಟ! ಎಸ್‌ಐಪಿ ನಿಲ್ಲಿಸಿಬಿಡಬೇಕು ಎಂದು ಅವರಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ.

ಆದರೆ ಅವರಿಗೆ ಆಗಿರುವುದು ನಷ್ಟವಲ್ಲ, ಲಾಭ. ಇಲ್ಲಿರುವ ಅಂಕಿಗಳು ಉದಾಹರಣೆಗಾಗಿ ಕಟ್ಟಿದವು. ತಪ್ಪು ಮಾತ್ರ ದಿನನಿತ್ಯ ಆಗುವಂಥದ್ದು.

ಸ್ಟೇಟ್‌ಮೆಂಟಿನ ಒಂದು ಸಾಲನ್ನು ಹತ್ತಿರದಿಂದ ನೋಡಿದರೆ ಅದರ ರಚನೆ ತಿಳಿಯುತ್ತದೆ. ಏಪ್ರಿಲ್ ಸಾಲಿನಲ್ಲಿ ಎಡದಿಂದ ಬಲಕ್ಕೆ ತಾರೀಖು, ವಿವರ, ಮೊತ್ತ 1,999.90, ಯುನಿಟ್ 48.482, ಎನ್‌ಎವಿ 41.25, ಕೊನೆಗೆ ಅಲ್ಲಿಯವರೆಗಿನ ಒಟ್ಟು ಯುನಿಟ್ ಇವೆ. ಎರಡು ಸಾವಿರ ಕಟ್ಟಿದರೂ ಹತ್ತು ಪೈಸೆ ಕಡಿಮೆ ಏಕೆ? 2020ರ ಜುಲೈ 1ರಿಂದ ಮ್ಯೂಚುವಲ್ ಫಂಡ್ ಖರೀದಿಗೆ ಶೇ. 0.005ರಷ್ಟು ಮುದ್ರಾಂಕ ಶುಲ್ಕವಿದೆ. ಎರಡು ಸಾವಿರಕ್ಕೆ ಅದು ಹತ್ತು ಪೈಸೆ. ಉಳಿದ ₹1,999.90ಕ್ಕೆ ಮಾತ್ರ ಯುನಿಟ್ ಸಿಗುತ್ತದೆ. ಕೆಲವು ಸ್ಟೇಟ್‌ಮೆಂಟ್‌ಗಳಲ್ಲಿ ಈ ಹತ್ತು ಪೈಸೆ ಬೇರೆ ಸಾಲಾಗಿ ಬರುತ್ತದೆ, ಅದನ್ನು ಇನ್ನೊಂದು ಕಂತು ಎಂದು ಎಣಿಸಬಾರದು. ಹೂಡಿಕೆಯ ಲೆಕ್ಕಕ್ಕೆ ಕೈಯಿಂದ ಹೋದ ₹2,000ವನ್ನೇ ಹಿಡಿಯುವುದು ಸರಿ. ಪಾಸ್‌ಬುಕ್ಕಿಗೂ ಅದೇ ತಾಳೆಯಾಗುತ್ತದೆ.

ತಾರೀಖು ಒಂದೆರಡು ದಿನ ಆಚೀಚೆ ಇದ್ದರೆ ಗಾಬರಿ ಬೇಡ. ಶಿಕ್ಷಕಿಯ ಕಂತು ಪ್ರತಿ ತಿಂಗಳ 5ಕ್ಕೆ. 2025ರ ಏಪ್ರಿಲ್ 5 ಮತ್ತು ಜುಲೈ 5 ಶನಿವಾರ ಬಿದ್ದಿದ್ದರಿಂದ ಆ ಎರಡು ಕಂತು ಸೋಮವಾರಕ್ಕೆ ಹೋದವು.

ಈಗ ಕೂಡುವ ಕೆಲಸ. ಯುನಿಟ್ ಕಾಲಂ ಮತ್ತು ಒಟ್ಟು ಯುನಿಟ್ ಕಾಲಂ ಅಕ್ಕಪಕ್ಕದಲ್ಲಿದ್ದು, ಚಿಕ್ಕ ಪರದೆಯಲ್ಲಿ ಒಂದೇ ಥರ ಕಾಣುತ್ತವೆ. ಎರಡನೆಯದು ಆಗಲೇ ಕೂಡಿಟ್ಟ ಲೆಕ್ಕ. ಅದನ್ನು ಮತ್ತೆ ಕೂಡಿದರೆ ಇಲ್ಲದ ಸಂಪತ್ತು ಕಾಣಿಸುತ್ತದೆ. ಪ್ರತಿ ತಿಂಗಳು ಅಂಕಿ ಏರುತ್ತಲೇ ಹೋಗುವ ಕಾಲಂ ಯಾವುದೋ ಅದನ್ನು ಕೂಡಬಾರದು. ಅದರ ಕೊನೆಯ ಅಂಕಿಯನ್ನು ಮಾತ್ರ ತಾಳೆ ನೋಡಲು ಇಟ್ಟುಕೊಳ್ಳಬೇಕು. ಎರಡು ಸ್ಕ್ರೀನ್‌ಶಾಟ್ ಇದ್ದಾಗ ಇನ್ನೊಂದು ತೊಡಕು: ಮೊದಲನೆಯದರ ಕಡೆಯ ಸಾಲೇ ಎರಡನೆಯದರ ಮೊದಲ ಸಾಲಾಗಿ ಮರಳಿ ಬಂದಿರುತ್ತದೆ. ತಾರೀಖು ನೋಡಿ ಒಂದನ್ನು ಬಿಡಬೇಕು.

ಅಂಕಿ ಬರೆದುಕೊಳ್ಳುವಾಗ ಆಗುವ ತಪ್ಪನ್ನು ಸಾಲೇ ಹಿಡಿದುಕೊಡುತ್ತದೆ. ಜುಲೈಯಲ್ಲಿ ಎನ್‌ಎವಿ 38.60, ಯುನಿಟ್ 51.811. ಮಸುಕಾದ ಚಿತ್ರದಲ್ಲಿ ಅದು 57.811 ಎಂದು ಕಂಡಿತು ಎನ್ನೋಣ. 38.60ರಿಂದ ಗುಣಿಸಿದರೆ ₹2,231 ಬರುತ್ತದೆ. ಕಟ್ಟಿದ್ದೇ ಎರಡು ಸಾವಿರ, ಹಾಗಾಗಿ ಓದಿದ್ದು ತಪ್ಪು. ಸ್ಪ್ರೆಡ್‌ಶೀಟಿನಲ್ಲಿ ಯುನಿಟ್ C ಕಾಲಂನಲ್ಲಿ, ಎನ್‌ಎವಿ D ಕಾಲಂನಲ್ಲಿ ಇದ್ದರೆ ಪ್ರತಿ ಸಾಲಿಗೂ ಇಷ್ಟು ಸಾಕು:

```
=C2*D2
```

ಉತ್ತರ 1,999.90ರ ಒಂದೆರಡು ಪೈಸೆ ಆಚೀಚೆ ಬರಬೇಕು. ಯುನಿಟ್ಟನ್ನು ಮೂರು ದಶಮಾಂಶಕ್ಕೆ ಸರಿಹೊಂದಿಸುವುದರಿಂದ ಆ ಪೈಸೆಗಳ ವ್ಯತ್ಯಾಸ ಸಹಜ.

ಶಿಕ್ಷಕಿ ಹೀಗೆ ಏಳೂ ಕಂತುಗಳ ಯುನಿಟ್ ಕೂಡಿದಾಗ ಬಂದದ್ದು 338.818. ಸ್ಟೇಟ್‌ಮೆಂಟ್ ಹೇಳುವುದು 292.524. ವ್ಯತ್ಯಾಸ 46.294. ಇಂಥ ವ್ಯತ್ಯಾಸ ಬಂದಾಗ ಎಲ್ಲವನ್ನೂ ಮೊದಲಿನಿಂದ ಕೂಡಲು ಹೋಗುವ ಮುನ್ನ, ಅದೇ ಅಂಕಿ ಯಾವ ಸಾಲಿನಲ್ಲಾದರೂ ಇದೆಯೇ ಎಂದು ಹುಡುಕಬೇಕು. ಅದು ಸೆಪ್ಟೆಂಬರ್ ಸಾಲಿನಲ್ಲಿ ಸಿಕ್ಕಿತು. ಅದರ ಕೆಳಗೆ ಅವರು ಗಮನಿಸದೆ ದಾಟಿದ್ದ ಇನ್ನೊಂದು ಸಾಲು, ಆವರಣದೊಳಗೆ (1,999.90), (46.294). ಲೆಕ್ಕಪತ್ರದಲ್ಲಿ ಆವರಣ ಎಂದರೆ ಕಳೆಯುವ ಗುರುತು. ವಿವರದಲ್ಲಿ `Rejection` ಅಥವಾ `Reversal` ಎಂಬ ಪದ ಇರುತ್ತದೆ. ಆ ತಿಂಗಳು ಸಂಬಳ ತಡವಾಗಿ, ಖಾತೆಯಲ್ಲಿ ಹಣವಿಲ್ಲದೆ ಕಂತು ವಾಪಸಾಗಿತ್ತು. ಬರೆದಿದ್ದ ಯುನಿಟ್ಟನ್ನು ಫಂಡ್ ತೆಗೆದುಹಾಕಿತ್ತು.

ಅಂದರೆ ನಷ್ಟ ಕಾಣಿಸಿದ್ದು ಹೀಗೆ: ಹಣವನ್ನು ಏಳು ಕಂತಿಗೆ ಎಣಿಸಿದರು, ಯುನಿಟ್ಟನ್ನು ಸ್ಟೇಟ್‌ಮೆಂಟಿನ ಕೊನೆಯ ಸಾಲಿನಿಂದ ತೆಗೆದುಕೊಂಡರು. ಅದು ಆರು ಕಂತಿನದು. ಹಣ ಮತ್ತು ಯುನಿಟ್ ಎರಡನ್ನೂ ಒಂದೇ ಸಾಲುಗಳಿಂದ ಕೂಡಬೇಕು. ಈ ಲೆಕ್ಕದಲ್ಲಿ ಇದಕ್ಕಿಂತ ಮುಖ್ಯವಾದದ್ದು ಬೇರೆ ಇಲ್ಲ. ಸರಿಪಡಿಸಿದರೆ ಹೂಡಿದ್ದು ₹12,000, ಈಗಿನ ಮೌಲ್ಯ ₹13,017.32, ಲಾಭ ₹1,017.32, ಅಂದರೆ ಶೇ. 8.48. ಕಂತು ವಾಪಸಾದದ್ದಕ್ಕೆ ಬ್ಯಾಂಕು ದಂಡ ಹಾಕಿದ್ದರೆ ಅದು ಫಂಡಿನ ಸ್ಟೇಟ್‌ಮೆಂಟಿನಲ್ಲಿ ಇರುವುದಿಲ್ಲ, ಪಾಸ್‌ಬುಕ್ಕಿನಲ್ಲೇ ನೋಡಬೇಕು.

ಹನ್ನೆರಡು ಸಾವಿರವನ್ನು 292.524ರಿಂದ ಭಾಗಿಸಿದರೆ ₹41.02. ಇದು ಒಂದು ಯುನಿಟ್‌ಗೆ ಅವರಿಗೆ ಬಿದ್ದ ಸರಾಸರಿ ಬೆಲೆ. ಆರು ತಿಂಗಳ ಎನ್‌ಎವಿಗಳ ಸರಾಸರಿ ₹41.09, ಇವರಿಗೆ ಬಿದ್ದದ್ದು ಅದಕ್ಕಿಂತ ಕೊಂಚ ಕಡಿಮೆ, ಏಕೆಂದರೆ ಬೆಲೆ ಇಳಿದ ಜುಲೈಯಲ್ಲಿ ಅದೇ ಎರಡು ಸಾವಿರಕ್ಕೆ ಹೆಚ್ಚು ಯುನಿಟ್ ಸಿಕ್ಕಿತ್ತು. ಎನ್‌ಎವಿ 41.02ಕ್ಕಿಂತ ಮೇಲಿದ್ದಷ್ಟು ದಿನ ಲಾಭ, ಕೆಳಗಿಳಿದರೆ ನಷ್ಟ. ಈ ಒಂದು ಅಂಕಿ ನೆನಪಿದ್ದರೆ ಪ್ರತಿ ಸಲ ಕೂಡುತ್ತ ಕೂರಬೇಕಿಲ್ಲ.

ಹೋಲಿಸುವ ಎನ್‌ಎವಿಯೂ ಸರಿಯಾದದ್ದಾಗಿರಬೇಕು. ಒಂದೇ ಫಂಡಿಗೆ ರೆಗ್ಯುಲರ್, ಡೈರೆಕ್ಟ್ ಎಂಬ ಎರಡು ಪ್ಲಾನ್ ಇರುತ್ತವೆ, ಎರಡರ ಬೆಲೆಯೂ ಬೇರೆ. ಶಿಕ್ಷಕಿಯದು ರೆಗ್ಯುಲರ್. ಡೈರೆಕ್ಟ್‌ನ ಬೆಲೆ ₹48.10 ಇದ್ದು, ತಪ್ಪಿ ಅದನ್ನು ಹಾಕಿದರೆ ಮೌಲ್ಯ ₹14,070 ಎಂದು ಬರುತ್ತದೆ. ಲಾಭ ಕೂತಲ್ಲೇ ಎರಡರಷ್ಟು! ಆಂಫಿಯ ಜಾಲತಾಣದಲ್ಲಿ ಪ್ರತಿ ವ್ಯವಹಾರದ ದಿನದ ಎನ್‌ಎವಿ ಸಿಗುತ್ತದೆ. ಸ್ಟೇಟ್‌ಮೆಂಟಿನಲ್ಲಿರುವ ಸ್ಕೀಮಿನ ಪೂರ್ಣ ಹೆಸರನ್ನೇ ಅಲ್ಲಿ ಹುಡುಕಬೇಕು. ಹಳೆಯ ಸ್ಕ್ರೀನ್‌ಶಾಟಿನ ಎನ್‌ಎವಿ ಅದನ್ನು ತೆಗೆದ ಹೊತ್ತಿನದು, ಇಂದಿನದಲ್ಲ.

ಸ್ಕ್ರೀನ್‌ಶಾಟಿಗೆ ಒಂದು ಮಿತಿಯೂ ಇದೆ. ಮೇಲ್ಗಡೆ `Opening Unit Balance` ಎದುರಿಗೆ ಸೊನ್ನೆ ಇಲ್ಲದಿದ್ದರೆ ಹಿಂದಿನ ವರ್ಷಗಳ ಯುನಿಟ್ ಅದರಲ್ಲಿ ಸೇರಿವೆ, ಆದರೆ ಅವಕ್ಕೆ ಕೊಟ್ಟ ಹಣ ಈ ಪುಟದಲ್ಲಿಲ್ಲ. ಆಗ ಲಾಭ ಭಾರಿಯಾಗಿ ಕಾಣಿಸುತ್ತದೆ. ಕ್ಯಾಮ್ಸ್ ಅಥವಾ ಕೆಫಿನ್‌ಟೆಕ್ ತಾಣದಲ್ಲಿ ಮೊದಲ ಕಂತಿನ ದಿನದಿಂದ ವಿವರವಾದ ಸ್ಟೇಟ್‌ಮೆಂಟ್ ಕೇಳಿದರೆ ಇಮೇಲಿಗೆ ಬರುತ್ತದೆ; ಅಲ್ಲಿಂದ ಕೂಡುವುದೊಂದೇ ದಾರಿ.

ಶೇ. 8.48 ಎಂಬುದು ವರ್ಷದ ಬಡ್ಡಿದರದಂಥದ್ದಲ್ಲ ಎಂಬುದೂ ಗಮನದಲ್ಲಿರಲಿ. ಏಪ್ರಿಲ್‌ನ ಹಣ ಎಂಟು ತಿಂಗಳು ದುಡಿದಿದೆ, ಅಕ್ಟೋಬರ್‌ನದು ಎರಡೇ ತಿಂಗಳು. ಹಾಗಾಗಿ ಅದನ್ನು ಠೇವಣಿಯ ದರದ ಪಕ್ಕದಲ್ಲಿಟ್ಟು ಹೋಲಿಸಲಾಗದು.

ಇನ್ನು ₹13,017 ಪೂರ್ತಿ ಕೈಗೆ ಬರುತ್ತದೆಯೇ? ಅನೇಕ ಈಕ್ವಿಟಿ ಫಂಡ್‌ಗಳಲ್ಲಿ ವರ್ಷದೊಳಗೆ ಹಿಂತೆಗೆದರೆ ಶೇ. 1ರಷ್ಟು ಎಕ್ಸಿಟ್ ಲೋಡ್ ಇರುತ್ತದೆ. ಇವರ ಫಂಡಿನಲ್ಲೂ ಅದಿದ್ದರೆ ಇಂದು ಸಿಗುವುದು ₹12,887, ಲಾಭದ ಮೇಲಿನ ತೆರಿಗೆ ಬೇರೆ. ಆ ಒಂದು ವರ್ಷವನ್ನು ಪ್ರತಿ ಕಂತಿಗೂ ಬೇರೆಯಾಗಿ ಎಣಿಸುತ್ತಾರೆ. 2026ರ ಏಪ್ರಿಲ್‌ನಲ್ಲಿ ವರ್ಷ ತುಂಬುವುದು ಮೊದಲ ಕಂತಿನ 48.482 ಯುನಿಟ್‌ಗೆ ಮಾತ್ರ. ಅಕ್ಟೋಬರ್‌ನ ಯುನಿಟ್‌ಗಳಿಗೆ ಮುಂದಿನ ಅಕ್ಟೋಬರ್‌ವರೆಗೆ ಕಾಯಬೇಕು.